ಹೊಟ್ಟೆ ತುಂಬ ಉಂಡೂ ಕ್ಯಾಲೊರಿ ಇಳಿಸುವುದು ಹೇಗೆ?

ತೂಕ ಇಳಿಸಲು ಹೊರಟವರಲ್ಲಿ ಅನೇಕರು ಅರ್ಧ ತಟ್ಟೆ ಅನ್ನಕ್ಕೆ ಕೈ ತೊಳೆದು, ಉಳಿದ ಹಸಿವನ್ನು ಎರಡು ಲೋಟ ನೀರಿನಿಂದ ತಣಿಸಲು ಯತ್ನಿಸುವುದುಂಟು. ಸಂಜೆ ನಾಲ್ಕರ ಹೊತ್ತಿಗೆ ಕೈ ಚಕ್ಕುಲಿ ಡಬ್ಬಿಯನ್ನು ಹುಡುಕುತ್ತದೆ. ಇದಕ್ಕೆ ಮನೋಬಲದ ಕೊರತೆಯೇ ಕಾರಣವೆಂದು ಭಾವಿಸಬೇಕಿಲ್ಲ. ಕುಡಿದ ನೀರು ಜಠರದಿಂದ ಬೇಗನೆ ಕೆಳಗಿಳಿಯುತ್ತದೆ. ಆಹಾರದೊಳಗೆ ಬೆರೆತ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ.

ಈ ವ್ಯತ್ಯಾಸವನ್ನು ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಪೌಷ್ಟಿಕ ವಿಜ್ಞಾನಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. 24 ಮಹಿಳೆಯರಿಗೆ ಮಧ್ಯಾಹ್ನದ ಊಟಕ್ಕೆ ಮುನ್ನ ಕೋಳಿ ಮತ್ತು ಅನ್ನದ ಒಂದೇ ಖಾದ್ಯವನ್ನು ಬೇರೆ ಬೇರೆ ದಿನ ಮೂರು ರೀತಿಯಲ್ಲಿ ನೀಡಲಾಯಿತು: ಹಾಗೆಯೇ, ಪಕ್ಕದಲ್ಲಿ ನೀರಿನೊಂದಿಗೆ, ಮತ್ತು ಅದೇ ನೀರನ್ನು ಬೆರೆಸಿದ ಸೂಪ್ ರೂಪದಲ್ಲಿ. ಸೂಪ್ ಸೇವಿಸಿದ ದಿನ ಅವರು ನಂತರದ ಊಟದಲ್ಲಿ ಸುಮಾರು 100 ಕಿಲೊಕ್ಯಾಲೊರಿಯಷ್ಟು ಕಡಿಮೆ ಉಂಡರು. ಪಕ್ಕದಲ್ಲಿಟ್ಟ ನೀರಿನಿಂದ ಅಂತಹ ಪ್ರಯೋಜನವಾಗಲಿಲ್ಲ.

ಜಠರದ ಗೋಡೆ ಹಿಗ್ಗಿದಾಗ ಆ ಸಂಕೇತ ವೇಗಸ್ ನರದ ಮೂಲಕ ಮೆದುಳಿಗೆ ತಲುಪುತ್ತದೆ. ಈ ಹಿಗ್ಗುವಿಕೆ ಆಹಾರದ ಗಾತ್ರವನ್ನು ಅವಲಂಬಿಸಿದೆಯೇ ಹೊರತು ಅದರಲ್ಲಿರುವ ಕ್ಯಾಲೊರಿಯನ್ನಲ್ಲ. 100 ಗ್ರಾಂ ಅನ್ನದಲ್ಲಿ ಸುಮಾರು 130 ಕಿಲೊಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಸೋರೆಕಾಯಿ ಅಥವಾ ಸೌತೆಕಾಯಿಯಲ್ಲಿ ಇರುವುದು ಸುಮಾರು 15 ಮಾತ್ರ. ಈ ತರಕಾರಿಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಭಾಗ ನೀರೇ.

ನಮ್ಮ ಮನೆಗಳ ಒಂದು ಸಾಮಾನ್ಯ ಊಟವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 400 ಗ್ರಾಂ ಅನ್ನ, ತಿಳಿಸಾರು, ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಪಲ್ಯ. ಒಟ್ಟು ತೂಕ ಸುಮಾರು 560 ಗ್ರಾಂ, ಶಕ್ತಿ ಸುಮಾರು 620 ಕಿಲೊಕ್ಯಾಲೊರಿ. ಇದನ್ನು ಹೀಗೆ ಬದಲಿಸಬಹುದು. ಮೊದಲಿಗೆ 150 ಗ್ರಾಂ ಸೌತೆಕಾಯಿ, 15 ಗ್ರಾಂ ಹೆಸರುಬೇಳೆ (ನೆನೆಸುವ ಮುನ್ನಿನ ತೂಕ), ನಿಂಬೆರಸ, ಅರ್ಧ ಚಿಕ್ಕ ಚಮಚ ಎಣ್ಣೆಯ ಒಗ್ಗರಣೆಯ ಕೋಸಂಬರಿ. ಅನಂತರ 30 ಗ್ರಾಂ ತೊಗರಿಬೇಳೆ, 200 ಗ್ರಾಂ ಸೋರೆಕಾಯಿ ಮತ್ತು ಒಂದು ಚಿಕ್ಕ ಚಮಚ ಎಣ್ಣೆಯಲ್ಲಿ ಮಾಡಿದ ಗಟ್ಟಿ ಹುಳಿ. ಇದರೊಂದಿಗೆ 150 ಗ್ರಾಂ ಅನ್ನ. ಈಗ ತಟ್ಟೆಯ ತೂಕ 650 ಗ್ರಾಂ ದಾಟುತ್ತದೆ, ಶಕ್ತಿ ಸುಮಾರು 465 ಕಿಲೊಕ್ಯಾಲೊರಿಗೆ ಇಳಿಯುತ್ತದೆ. ಅಂದರೆ ಉಂಡದ್ದು ಹೆಚ್ಚಾಗಿ, ಕ್ಯಾಲೊರಿ 155ರಷ್ಟು ಕಡಿಮೆಯಾಯಿತು.

ಈ ಉಳಿತಾಯ ಕೈತಪ್ಪುವುದು ಬಹುತೇಕ ಕಾಯಿತುರಿಯಲ್ಲಿ. ಕೋಸಂಬರಿಗೂ ಹುಳಿಗೂ ಸೇರಿ 40 ಗ್ರಾಂ ಹಸಿ ತೆಂಗಿನತುರಿ ಬಿದ್ದರೆ ಸುಮಾರು 140 ಕಿಲೊಕ್ಯಾಲೊರಿ ಸೇರಿತೆಂದೇ ಲೆಕ್ಕ. ಕರಾವಳಿಯ ಅಡುಗೆಗೆ ಇದು ಕಠಿಣ ಮಾತು, ಆದರೆ ಲೆಕ್ಕ ಬದಲಾಗದು. ರೋಲ್ಸ್ ತಂಡದ 2004ರ ಅಧ್ಯಯನದಲ್ಲಿಯೂ ಇದೇ ಕಂಡುಬಂದಿತ್ತು. ಊಟಕ್ಕೆ ಮುನ್ನ ಕಡಿಮೆ ಕ್ಯಾಲೊರಿಯ ಸಲಾಡ್ ಅನ್ನು ದೊಡ್ಡ ಪ್ರಮಾಣದಲ್ಲಿ ತಿಂದಾಗ ಸಲಾಡ್ ಸೇರಿ ಊಟದ ಒಟ್ಟು ಕ್ಯಾಲೊರಿ ಶೇ. 12ರಷ್ಟು ಇಳಿಯಿತು, ಅಷ್ಟೇ ಪ್ರಮಾಣದ ಸಲಾಡ್‌ಗೆ ಚೀಸ್ ಮತ್ತು ಕೊಬ್ಬಿನ ಡ್ರೆಸ್ಸಿಂಗ್ ಹೆಚ್ಚಿಸಿದಾಗ ಶೇ. 17ರಷ್ಟು ಏರಿತು.

ಬೇಳೆಯನ್ನು ಕೈಬಿಡುವುದು ಎರಡನೆಯ ತಪ್ಪು. ಬರೀ ಸೌತೆಕಾಯಿ ತಿಂದರೆ ಹೊಟ್ಟೆ ಉಬ್ಬುತ್ತದೆ, ಆದರೆ ತೃಪ್ತಿ ಬಾಳುವುದಿಲ್ಲ. ಊಟವಾಗಿ ಒಂದೂವರೆ ಗಂಟೆಯೊಳಗೆ ಮತ್ತೆ ಹಸಿವಾದರೆ, ತರಕಾರಿಯನ್ನಲ್ಲ, ಬೇಳೆಕಾಳನ್ನು ಹೆಚ್ಚಿಸಬೇಕು. ಅದರ ಪ್ರೋಟೀನು ಮತ್ತು ನಾರು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತವೆ. ಸೋರೆಕಾಯಿಯನ್ನು ರಸ ಮಾಡಿ ಸೋಸಿ ಕುಡಿಯುವ ರೂಢಿಯಲ್ಲಿ ನಾರೆಲ್ಲ ಚರಟದ ಪಾಲಾಗುತ್ತದೆ. ಅಲ್ಲದೆ ಕಹಿ ಸೋರೆಕಾಯಿ ವಿಷಕಾರಿ. ಹೆಚ್ಚುವಾಗ ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಉಗಿದು, ಇಡೀ ಕಾಯಿಯನ್ನು ಎಸೆಯುವುದೇ ಸರಿ.

ನಾರಿನ ಅಭ್ಯಾಸವಿಲ್ಲದವರು ಈ ಪ್ರಮಾಣವನ್ನು ಒಮ್ಮೆಲೇ ತಿಂದರೆ ವಾಯು ಮತ್ತು ಹೊಟ್ಟೆನೋವು ಕಾಣಿಸಿಕೊಳ್ಳಬಹುದು. ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಏರಿಸಬೇಕು. ಮಲ ಗಟ್ಟಿಯಾಗತೊಡಗಿದರೆ ನೀರು ಸಾಲದೆಂದು ತಿಳಿಯಬೇಕು. ಕುಡಿಯುವ ನೀರು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಅನ್ನವನ್ನು ಹೀಗೆ ಅರ್ಧಕ್ಕಿಂತ ಕೆಳಗಿಳಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಅವರು ಮೊದಲು ವೈದ್ಯರಲ್ಲಿ ಔಷಧದ ಪ್ರಮಾಣವನ್ನು ಸರಿಹೊಂದಿಸಿಕೊಳ್ಳಬೇಕು. ಪೊಟ್ಯಾಸಿಯಂ ಮಿತಿಯಲ್ಲಿರುವ ಮೂತ್ರಪಿಂಡ ರೋಗಿಗಳು ತರಕಾರಿ, ಬೇಳೆಯನ್ನು ತಾವಾಗಿ ಹೆಚ್ಚಿಸಿಕೊಳ್ಳಬಾರದು. ಹಸಿವೇ ಕಡಿಮೆಯಾದ ವೃದ್ಧರಿಗೂ ಬೆಳೆಯುವ ಮಕ್ಕಳಿಗೂ ಈ ತಟ್ಟೆ ಸಲ್ಲದು. ಬೇಕಾದಷ್ಟು ಶಕ್ತಿ ಸೇರುವ ಮೊದಲೇ ಅವರ ಹೊಟ್ಟೆ ತುಂಬಿಬಿಡುತ್ತದೆ.