ಕೊನೆಯಿಂದ ಕತ್ತರಿಸಬಹುದಾದ ಸುದ್ದಿ: 1865ರ ಒಂದು ತಂತಿಯ ಪರೀಕ್ಷೆ

ಪ್ರಧಾನ ಸಂಗತಿಯನ್ನು ಮೊದಲು ಹೇಳಿ, ಉಳಿದ ವಿವರಗಳನ್ನು ಮಹತ್ವದ ಇಳಿಕೆಯ ಕ್ರಮದಲ್ಲಿ ಜೋಡಿಸುವ ಸುದ್ದಿರಚನೆಯನ್ನು ತಲೆಕೆಳಗಾದ ಪಿರಮಿಡ್ ಎನ್ನುತ್ತಾರೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಪುಟದಲ್ಲಿ ಸ್ಥಳ ಸಾಲದಿದ್ದರೆ ಇಂಥ ಬರಹದ ಕೊನೆಯ ಸಾಲುಗಳನ್ನು ತೆಗೆದರೆ ಸಾಕಾಗುತ್ತಿತ್ತು. ಇದರ ಮೂಲವನ್ನು ಅಬ್ರಹಾಂ ಲಿಂಕನ್ನರ ಹತ್ಯೆಯ ಸುದ್ದಿಯಲ್ಲಿ ಗುರುತಿಸುವುದುಂಟು. ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟಾಂಟನ್ 1865ರ ಏಪ್ರಿಲ್ 15ರ ನಸುಕಿನಲ್ಲಿ ನ್ಯೂಯಾರ್ಕಿಗೆ ಕಳುಹಿಸಿದ ತಂತಿಯನ್ನು ಡೇವಿಡ್ ಮಿಂಡಿಚ್ ಈ ರಚನೆಯ ಆರಂಭಿಕ ಮಾದರಿಯೆಂದು ಪರಿಗಣಿಸಿದ್ದಾರೆ.

ಈ ತಂತಿಯನ್ನು ಕೊನೆಯಿಂದ ಕತ್ತರಿಸುತ್ತ ಬಂದರೆ ಬೇರೊಂದು ಚಿತ್ರ ಮೂಡುತ್ತದೆ. ಮೊದಲ ವಾಕ್ಯವು ಹೊತ್ತು, ಸ್ಥಳ, ಜೊತೆಯಲ್ಲಿದ್ದವರು ಇವನ್ನೆಲ್ಲ ಹೇಳಿದ ಬಳಿಕ ಅಧ್ಯಕ್ಷರಿಗೆ ಗುಂಡೇಟು ತಗುಲಿತೆಂದು ತಿಳಿಸುತ್ತದೆ. ಎರಡನೆಯದು ಹಂತಕನು ರಂಗದ ಮೇಲೆ ಧುಮುಕಿ ಪರಾರಿಯಾದುದನ್ನೂ ಮೂರನೆಯದು ಗುಂಡು ಹೊಕ್ಕ ಬಗೆಯನ್ನೂ ವಿವರಿಸುತ್ತವೆ. ಗಾಯ ಮಾರಣಾಂತಿಕವೆಂಬ ಮಾತು ಬರುವುದು ಆನಂತರ. ವಿದೇಶಾಂಗ ಕಾರ್ಯದರ್ಶಿ ಸೀವರ್ಡರ ಮೇಲೆ ಅದೇ ರಾತ್ರಿ ನಡೆದ ಹಲ್ಲೆಯ ಸುದ್ದಿ ಅದಕ್ಕೂ ಕೆಳಗಿದೆ. ಮೂರು ವಾಕ್ಯಗಳನ್ನಷ್ಟೇ ಉಳಿಸಿಕೊಂಡ ಓದುಗನಿಗೆ ಹಂತಕನು ಓಡಿದ ದಾರಿ ತಿಳಿದಿರುತ್ತದೆ. ಅಧ್ಯಕ್ಷರು ಸಾಯುತ್ತಿದ್ದಾರೆಂಬುದು ತಿಳಿದಿರುವುದಿಲ್ಲ. ಇಲ್ಲಿ ಗುಂಡೇಟಿನ ಸುದ್ದಿ ಮೇಲಕ್ಕೆ ಬಂದಿದ್ದರೂ ಅದರ ಕೆಳಗಿನ ಕ್ರಮ ಕಾಲಾನುಕ್ರಮವೇ.

ಅಸೋಸಿಯೇಟೆಡ್ ಪ್ರೆಸ್ಸಿನ ಲಾರೆನ್ಸ್ ಗೋಬ್ರೈಟ್ ಆ ರಾತ್ರಿ ಕಳುಹಿಸಿದ ಮೊದಲ ತಂತಿ ಒಂದೇ ವಾಕ್ಯದ್ದು: ಅಧ್ಯಕ್ಷರಿಗೆ ರಂಗಮಂದಿರದಲ್ಲಿ ಗುಂಡು ತಗುಲಿದೆ, ಗಾಯ ಬಹುಶಃ ಮಾರಣಾಂತಿಕ. ಸ್ಟಾಂಟನ್ನರು ಹಲವು ವಾಕ್ಯಗಳಲ್ಲಿ ಹರಡಿದ ಘಟನೆ ಮತ್ತು ಪರಿಣಾಮ ಇಲ್ಲಿ ಒಂದೆಡೆ ಸೇರಿವೆ. ಆದರೆ ಒಂದೇ ವಾಕ್ಯದಿಂದ ಪಿರಮಿಡ್ ಆಗದು. ಅದು ತುದಿಗೆ ಬೇಕಾದ ಕಲ್ಲು ಮಾತ್ರ.

ತಂತಿ ಯಾವ ಗಳಿಗೆಯಲ್ಲಾದರೂ ಕಡಿಯಬಹುದೆಂಬ ಭಯವೇ ಈ ರಚನೆಗೆ ಕಾರಣವೆಂಬ ವಾದವೂ ಇದರಿಂದ ಸಡಿಲವಾಗುತ್ತದೆ. ಮೋರ್ಸರ ತಂತಿಮಾರ್ಗ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಕೆಲಸ ಮಾಡತೊಡಗಿದ್ದು 1844ರಲ್ಲಿ. ನ್ಯೂಯಾರ್ಕಿನ ಪತ್ರಿಕೆಗಳನ್ನು ಪರಿಶೀಲಿಸಿದ ಹಾರ್ಸ್ಟ್ ಪಾಟ್ಕರ್ ಈ ಕ್ರಮ ವ್ಯಾಪಕವಾದುದು 1880ರ ದಶಕದಲ್ಲೆಂದು ತೋರಿಸಿ, ಓದುಗನಿಗೆ ಸುಲಭವಾಗಿ ತಲುಪಬೇಕೆಂಬ ಸಂಪಾದಕರ ಗುರಿಯನ್ನು ಕಾರಣವಾಗಿ ಮುಂದಿಟ್ಟರು. ಭಯವೊಂದೇ ಕಾರಣವಾಗಿದ್ದರೆ ನಾಲ್ಕು ದಶಕಗಳ ವಿಳಂಬಕ್ಕೆ ವಿವರಣೆ ಸಿಗದು.

ಭಾಷಾಶಾಸ್ತ್ರದ ದೃಷ್ಟಿಯಿಂದ ಕತ್ತರಿಸುವಿಕೆಗೆ ಎರಡು ಷರತ್ತುಗಳಿವೆ. ಯಾವ ವಾಕ್ಯವೂ ತನ್ನ ಅರ್ಥಕ್ಕಾಗಿ ಮುಂದಿನದನ್ನು ಅವಲಂಬಿಸಬಾರದು, ಹಿಂದಿನದನ್ನು ಅವಲಂಬಿಸಬಹುದು. ಜೊತೆಗೆ, ಪ್ರತಿಯೊಂದು ವಾಕ್ಯವೂ ತನ್ನ ಮುಂದಿನದಕ್ಕಿಂತ ಮಹತ್ವದ್ದಾಗಿರಬೇಕು. ಸ್ಟಾಂಟನ್ನರ ತಂತಿ ಮೊದಲನೆಯ ಷರತ್ತನ್ನು ಪೂರೈಸುತ್ತದೆ, ಎರಡನೆಯದರಲ್ಲಿ ಸೋಲುತ್ತದೆ. ಕಾಲಾನುಕ್ರಮದ ಕಥನವೂ ಮೊದಲನೆಯದನ್ನು ಸಹಜವಾಗಿ ಪೂರೈಸಬಲ್ಲದು. ಆದ್ದರಿಂದ ಒಂದು ಪಠ್ಯ ಪಿರಮಿಡ್ ಹೌದೋ ಅಲ್ಲವೋ ಎಂಬುದನ್ನು ಅದರ ಮೊದಲ ವಾಕ್ಯವೊಂದರಿಂದ ನಿರ್ಣಯಿಸಲಾಗದು.