‘ಸಿಂದಗಿ: −0.8’ ಎಂದು ಬರೆದಿದ್ದರೆ ಸಿಂದಗಿ ಹಿಂದೆ ಬಿದ್ದಿದೆ ಎಂದರ್ಥವೇ? ಡಮ್ಮಿ ವೇರಿಯಬಲ್ ಓದುವ ಬಗೆ

ಯಾವುದೋ ಸಮೀಕ್ಷೆಯ ಕೋಷ್ಟಕವೊಂದರ ಸ್ಕ್ರೀನ್‌ಶಾಟ್ ನಿಮ್ಮ ಗ್ರೂಪಿಗೆ ಬರುತ್ತದೆ ಎಂದುಕೊಳ್ಳಿ. ಅದರಲ್ಲಿ ತಾಲ್ಲೂಕುಗಳ ಹೆಸರು, ಪಕ್ಕದಲ್ಲಿ ಪ್ಲಸ್ ಮೈನಸ್ ಅಂಕಿಗಳು, ಕೆಲವದರ ಮೇಲೆ ನಕ್ಷತ್ರ ಗುರುತು. ಮೈನಸ್ ಇದ್ದ ತಾಲ್ಲೂಕಿನವರಿಗೆ ಸಿಟ್ಟು, ಪ್ಲಸ್ ಇದ್ದವರಿಗೆ ಖುಷಿ. ಆದರೆ ಆ ಅಂಕಿ ತಾಲ್ಲೂಕಿಗೆ ಕೊಟ್ಟ ಮಾರ್ಕ್ಸ್ ಅಲ್ಲ. ಹಾಗಾದರೆ ಅದೇನು? ಮೊದಲು ಒಂದು ನಿಜವಾದ ಲೆಕ್ಕದಿಂದ ಆರಂಭಿಸೋಣ.

ಎರಡೇ ಗುಂಪು ಇದ್ದಾಗ

2011ರ ಜನಗಣತಿಯ ಪ್ರಕಾರ ಆಗಿನ ವಿಜಾಪುರ, ಅಂದರೆ ಈಗಿನ ವಿಜಯಪುರ ಜಿಲ್ಲೆಯಲ್ಲಿ ಗಂಡಸರ ಸಾಕ್ಷರತೆ ಶೇ 77.21, ಹೆಂಗಸರದ್ದು ಶೇ 56.72. ರಿಗ್ರೆಶನ್ ಎಂಬ ಲೆಕ್ಕದ ವಿಧಾನಕ್ಕೆ ಅಂಕಿಗಳು ಮಾತ್ರ ಅರ್ಥವಾಗುತ್ತವೆ, ‘ಗಂಡು’, ‘ಹೆಣ್ಣು’ ಎಂಬ ಪದಗಳಲ್ಲ. ಆದ್ದರಿಂದ ‘ಹೆಣ್ಣು’ ಎಂಬ ಹೊಸ ಕಾಲಂ ಮಾಡಿ, ಹೆಂಗಸಾದರೆ 1, ಗಂಡಸಾದರೆ 0 ಎಂದು ತುಂಬುತ್ತಾರೆ. ಈ 0–1 ಕಾಲಂಗೇ ಡಮ್ಮಿ ವೇರಿಯಬಲ್ ಎನ್ನುತ್ತಾರೆ. ಲೆಕ್ಕ ಹೀಗೆ ಬರುತ್ತದೆ:

```
ಸಾಕ್ಷರತೆ = 77.21 − 20.49 × ಹೆಣ್ಣು
```

ಹೆಣ್ಣು = 0 ಎಂದು ಹಾಕಿದರೆ ಗಂಡಸರ 77.21 ಸಿಗುತ್ತದೆ. 1 ಎಂದು ಹಾಕಿದರೆ ಹೆಂಗಸರ 56.72 ಸಿಗುತ್ತದೆ. ಅಂದರೆ −20.49 ಎಂಬುದು ಹೆಂಗಸರ ಸಾಕ್ಷರತೆಯಲ್ಲ, ಎರಡು ಗುಂಪುಗಳ ನಡುವಿನ ವ್ಯತ್ಯಾಸ. 0 ಪಡೆದ ಗುಂಪನ್ನು ಆಧಾರ ಗುಂಪು ಎನ್ನೋಣ. ಹೆಂಗಸರನ್ನು ಆಧಾರ ಮಾಡಿ ‘ಗಂಡು’ ಎಂಬ ಕಾಲಂ ಮಾಡಿದ್ದರೆ 56.72 + 20.49 ಎಂದು ಬರುತ್ತಿತ್ತು. ಚಿಹ್ನೆ ತಿರುಗಿತು, ಸತ್ಯ ಬದಲಾಗಲಿಲ್ಲ.

ಇಲ್ಲೇ ಒಂದು ತಪ್ಪು ಓದು ಹುಟ್ಟಿಕೊಳ್ಳುತ್ತದೆ. ಈ 20.49 ಎರಡು ಶೇಕಡಾಗಳನ್ನು ಕಳೆದಾಗ ಸಿಕ್ಕಿದ ಅಂತರ. ‘ಹೆಂಗಸರ ಸಾಕ್ಷರತೆ ಗಂಡಸರಿಗಿಂತ ಶೇ 20 ಕಡಿಮೆ’ ಎಂದು ಬರೆದರೆ ಅರ್ಥ ಬೇರೆಯಾಗುತ್ತದೆ. 77.21ಕ್ಕೆ ಹೋಲಿಸಿದರೆ 20.49 ಎಂದರೆ ಸುಮಾರು ಶೇ 26.5ರಷ್ಟು ಕಡಿಮೆ.

ನಾಲ್ಕು ತಾಲ್ಲೂಕು, ಮೂರೇ ಕಾಲಂ

ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ಬರೋಣ. ಇಲ್ಲಿಂದ ಮುಂದಿನ ತೊಗರಿ ಇಳುವರಿಯ ಅಂಕಿಗಳೆಲ್ಲ ಉದಾಹರಣೆಗಾಗಿ ನಾವೇ ಕಲ್ಪಿಸಿಕೊಂಡವು, ಯಾವ ಸಮೀಕ್ಷೆಯವೂ ಅಲ್ಲ. ಪ್ರತಿ ತಾಲ್ಲೂಕಿನಲ್ಲಿ 10 ಹೊಲ ನೋಡಿದೆವು ಎಂದುಕೊಳ್ಳಿ. ಎಕರೆಗೆ ಸರಾಸರಿ ಇಂಡಿಯಲ್ಲಿ 5 ಕ್ವಿಂಟಲ್, ಸಿಂದಗಿಯಲ್ಲಿ 4.2, ಮುದ್ದೇಬಿಹಾಳದಲ್ಲಿ 4.6, ಬಸವನ ಬಾಗೇವಾಡಿಯಲ್ಲಿ 5.4.

ತಾಲ್ಲೂಕುಗಳಿಗೆ 1, 2, 3, 4 ಎಂದು ನಂಬರ್ ಕೊಟ್ಟು ಒಂದೇ ಕಾಲಂ ಮಾಡಬಹುದಲ್ಲವೇ? ಆಗದು. ಹಾಗೆ ಮಾಡಿದರೆ ಇಂಡಿಯಿಂದ ಸಿಂದಗಿಗೆ ಎಷ್ಟು ವ್ಯತ್ಯಾಸವೋ ಸಿಂದಗಿಯಿಂದ ಮುದ್ದೇಬಿಹಾಳಕ್ಕೂ ಅಷ್ಟೇ, ಅದೂ ಒಂದೇ ದಿಕ್ಕಿನಲ್ಲಿ ಎಂದು ಲೆಕ್ಕ ತಿಳಿದುಕೊಳ್ಳುತ್ತದೆ. ತಾಲ್ಲೂಕುಗಳಿಗೆ ಅಂಥ ಕ್ರಮವೇನೂ ಇಲ್ಲ.

ಹಾಗಾದರೆ ನಾಲ್ಕಕ್ಕೂ ಒಂದೊಂದು 0–1 ಕಾಲಂ ಮಾಡಿದರೆ? ಪ್ರತಿ ಹೊಲ ಯಾವುದಾದರೂ ಒಂದೇ ತಾಲ್ಲೂಕಿಗೆ ಸೇರಿರುವುದರಿಂದ ನಾಲ್ಕೂ ಕಾಲಂ ಕೂಡಿದರೆ ಯಾವಾಗಲೂ 1 ಬರುತ್ತದೆ. ಸಮೀಕರಣದ ಆರಂಭದ ಸ್ಥಿರ ಸಂಖ್ಯೆಯೂ ಎಲ್ಲ ಹೊಲಕ್ಕೂ ಒಂದೇ. ಒಂದೇ ಮಾಹಿತಿ ಎರಡು ಸಲ ಬಂದಾಗ ಯಾವುದಕ್ಕೆ ಎಷ್ಟು ಹಂಚಬೇಕು ಎಂದು ತೀರ್ಮಾನಿಸಲು ಆಗುವುದಿಲ್ಲ. ಆದ್ದರಿಂದ ಒಂದು ತಾಲ್ಲೂಕನ್ನು ಬಿಡಬೇಕು. ಇಂಡಿಯನ್ನು ಬಿಟ್ಟರೆ:

```
ಇಳುವರಿ = 5 − 0.8 × ಸಿಂದಗಿ − 0.4 × ಮುದ್ದೇಬಿಹಾಳ + 0.4 × ಬಾಗೇವಾಡಿ
```

ಇಂಡಿ ಕೋಷ್ಟಕದಲ್ಲಿ ಕಾಣಿಸದಿದ್ದರೂ ಎಲ್ಲಿಗೂ ಹೋಗಿಲ್ಲ, ಆ 5 ಅದರದ್ದೇ. ಮುದ್ದೇಬಿಹಾಳವನ್ನು ಆಧಾರ ಮಾಡಿದರೆ ಇಂಡಿಗೆ +0.4, ಸಿಂದಗಿಗೆ −0.4, ಬಾಗೇವಾಡಿಗೆ +0.8 ಬರುತ್ತದೆ. ಸಿಂದಗಿಯನ್ನೇ ಆಧಾರ ಮಾಡಿದರೆ ಕೋಷ್ಟಕದಲ್ಲಿ ಒಂದೂ ಮೈನಸ್ ಇರುವುದಿಲ್ಲ. ಹೊಲಗಳು ಅವೇ, ತೊಗರಿಯೂ ಅದೇ. ಯಾವುದನ್ನು ಆಧಾರ ಮಾಡಿದರೂ ಸಿಂದಗಿ ಮತ್ತು ಬಾಗೇವಾಡಿಯ ನಡುವಿನ ಅಂತರ 1.2 ಕ್ವಿಂಟಲ್ ಆಗಿಯೇ ಉಳಿಯುತ್ತದೆ.

ನಕ್ಷತ್ರ ಗುರುತು ಏನು ಹೇಳುತ್ತದೆ?

ಹತ್ತೇ ಹೊಲ ನೋಡಿರುವುದರಿಂದ ಅಂತರವನ್ನು ಒಂದು ವ್ಯಾಪ್ತಿಯಾಗಿ ಹೇಳಬೇಕಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಇಂಡಿಗೆ ಹೋಲಿಸಿದರೆ ಸಿಂದಗಿಯ ಶೇ 95ರ ವಿಶ್ವಾಸದ ವ್ಯಾಪ್ತಿ −1.63ರಿಂದ +0.03. ಇದರೊಳಗೆ ಸೊನ್ನೆ ಇರುವುದರಿಂದ ನಕ್ಷತ್ರ ಬೀಳುವುದಿಲ್ಲ. ಬಾಗೇವಾಡಿಗೆ ಹೋಲಿಸಿದರೆ ವ್ಯಾಪ್ತಿ −2.03ರಿಂದ −0.37. ಸೊನ್ನೆ ಹೊರಗೆ ಉಳಿಯಿತು, ನಕ್ಷತ್ರ ಬಿತ್ತು. ಅದೇ ಸಿಂದಗಿ, ಅದೇ ಹೊಲಗಳು. ನಕ್ಷತ್ರವೂ ಆಧಾರ ಗುಂಪಿನೊಂದಿಗಿನ ವ್ಯತ್ಯಾಸಕ್ಕೆ ಸೇರಿದ್ದೇ ಹೊರತು ತಾಲ್ಲೂಕಿಗೆ ಸೇರಿದ್ದಲ್ಲ.

ನೀರಾವರಿ ಸೇರಿಸಿದಾಗ

ಈಗ ಇದೇ ಹೊಲಗಳ ಬಗ್ಗೆ ಇನ್ನೊಂದು ಸಂಗತಿ. ನಾಲ್ಕೂ ತಾಲ್ಲೂಕಿನಲ್ಲಿ ಒಣ ಬೇಸಾಯದ ಹೊಲ 4 ಕ್ವಿಂಟಲ್, ನೀರಾವರಿ ಹೊಲ 6 ಕ್ವಿಂಟಲ್ ಕೊಡುತ್ತದೆ ಎಂದುಕೊಳ್ಳಿ. ಹತ್ತರಲ್ಲಿ ನೀರಾವರಿ ಹೊಲಗಳು ಇಂಡಿಯಲ್ಲಿ 5, ಸಿಂದಗಿಯಲ್ಲಿ 1, ಮುದ್ದೇಬಿಹಾಳದಲ್ಲಿ 3, ಬಾಗೇವಾಡಿಯಲ್ಲಿ 7. ಲೆಕ್ಕ ಹಾಕಿ ನೋಡಿ, ಮೇಲಿನ ಸರಾಸರಿಗಳೇ ಬರುತ್ತವೆ. ಉದಾಹರಣೆಗೆ ಸಿಂದಗಿಯ 9 ಒಣ ಹೊಲಗಳಿಂದ 36, ಒಂದು ನೀರಾವರಿ ಹೊಲದಿಂದ 6, ಒಟ್ಟು 42. ಅದನ್ನು ಹತ್ತರಿಂದ ಭಾಗಿಸಿದರೆ 4.2.

ಸಮೀಕರಣಕ್ಕೆ ‘ನೀರಾವರಿ’ ಎಂಬ ಇನ್ನೊಂದು 0–1 ಕಾಲಂ ಸೇರಿಸಿದರೆ ಅದಕ್ಕೆ +2 ಬರುತ್ತದೆ, ಮೂರೂ ತಾಲ್ಲೂಕುಗಳ ಅಂಕಿ ಸೊನ್ನೆಗೆ ಇಳಿಯುತ್ತದೆ. ಈಗ ಸಿಂದಗಿಯ ಅಂಕಿಯ ಅರ್ಥವೇ ಬದಲಾಗಿದೆ. ಮೊದಲು ಅದು ‘ಸಿಂದಗಿಯ ಹೊಲಕ್ಕೂ ಇಂಡಿಯ ಹೊಲಕ್ಕೂ ಇರುವ ಸರಾಸರಿ ಅಂತರ’ ಆಗಿತ್ತು. ಈಗ ‘ನೀರಿನ ಸ್ಥಿತಿ ಒಂದೇ ಆಗಿರುವ ಹೊಲಗಳ ನಡುವಿನ ಅಂತರ’ ಆಗಿದೆ. ಎರಡೂ ಸರಿಯಾದ ಉತ್ತರಗಳೇ, ಪ್ರಶ್ನೆ ಬೇರೆ ಬೇರೆ. ಮೊದಲ ಅಂಕಿ ನೋಡಿ ಸಿಂದಗಿಯ ರೈತರಿಗೆ ತೊಗರಿ ಬೆಳೆಯಲು ಬರುವುದಿಲ್ಲ ಎಂದರೆ ಅನ್ಯಾಯ. ಎರಡನೆಯದನ್ನು ನೋಡಿ ಅಲ್ಲಿ ಕೊರತೆಯೇ ಇಲ್ಲ ಎಂದರೂ ಅನ್ಯಾಯ, ಏಕೆಂದರೆ ಅಲ್ಲಿ ನೀರಿನ ಕೊರತೆ ಇದೆ. ನಿಜವಾದ ಹೊಲಗಳಲ್ಲಿ ಅಂಕಿ ಹೀಗೆ ಪೂರ್ತಿ ಸೊನ್ನೆಯಾಗುವುದು ಅಪರೂಪ. ಮಣ್ಣು, ಬಿತ್ತಿದ ದಿನ, ತಳಿ ಎಲ್ಲವೂ ಅದರೊಳಗೆ ಸೇರಿಕೊಂಡಿರುತ್ತವೆ.

ಗುಂಪಿನ ಗಡಿ ಯಾವುದು?

ಡಮ್ಮಿಯ ಹೆಸರು ಒಂದೇ ಇದ್ದರೂ ಒಳಗಿನ ಊರುಗಳು ಬದಲಾಗಿರಬಹುದು. 2011ರ ಜನಗಣತಿಯ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ತಾಳಿಕೋಟೆಯೂ ಇತ್ತು, ಬಸವನ ಬಾಗೇವಾಡಿಯಲ್ಲಿ ನಿಡಗುಂದಿ, ಇಂಡಿಯಲ್ಲಿ ಚಡಚಣ, ಸಿಂದಗಿಯಲ್ಲಿ ದೇವರ ಹಿಪ್ಪರಗಿ ಇದ್ದವು. ಈಗ ಇವೆಲ್ಲ ಪ್ರತ್ಯೇಕ ತಾಲ್ಲೂಕುಗಳು. ಹಳೆಯ ಕೋಷ್ಟಕವನ್ನು ಹೊಸದರ ಪಕ್ಕ ಇಟ್ಟು ‘ಮುದ್ದೇಬಿಹಾಳ ಇಷ್ಟು ಸುಧಾರಿಸಿತು’ ಎಂದರೆ ಬೇರೆ ಬೇರೆ ಊರುಗಳ ಗುಂಪನ್ನು ಹೋಲಿಸಿದಂತೆ.

ಹೀಗಾಗಿ ಇಂಥ ಕೋಷ್ಟಕ ಬಂದಾಗ ಫಾರ್ವರ್ಡ್ ಒತ್ತುವ ಮೊದಲು, ಅದರಲ್ಲಿ ಕಾಣದೇ ಇರುವ ತಾಲ್ಲೂಕು ಯಾವುದು ಎಂದು ಹುಡುಕಿ. ಆಮೇಲೆ ಲೆಕ್ಕದಲ್ಲಿ ಇನ್ನೇನೇನು ಸೇರಿಸಿದ್ದಾರೆ ನೋಡಿ. ಈ ಎರಡು ಮಾಹಿತಿ ಇಲ್ಲದ ಸ್ಕ್ರೀನ್‌ಶಾಟ್‌ನಲ್ಲಿ −0.8 ಎಂಬುದು ಯಾವುದಕ್ಕಿಂತ ಕಡಿಮೆ ಎಂದು ಹೇಳಲು ಯಾರಿಂದಲೂ ಆಗದು.