ಟ್ರೇಡಿಂಗ್ ಪ್ಲಾನಿನ ನಾಲ್ಕನೆಯ ಕಲಮು

ಟ್ರೇಡಿಂಗ್ ಮಾಡುವವರು ಬರೆದಿಟ್ಟುಕೊಳ್ಳುವ ಪ್ಲಾನಿನಲ್ಲಿ ನಾಲ್ಕು ಕಲಮುಗಳಿರಬೇಕು: ಯಾವಾಗ ಕೊಳ್ಳುವುದು, ಯಾವಾಗ ಹೊರಬೀಳುವುದು, ಎಷ್ಟು ಕೊಳ್ಳುವುದು, ಯಾವಾಗ ಕೈಕಟ್ಟಿ ಕೂರುವುದು. ಈ ನಾಲ್ಕೂ ಒಟ್ಟಿಗೆ ಹುಟ್ಟಿದವಲ್ಲ. ಕಳೆದ ಶತಮಾನದ ಅಮೆರಿಕದ ಪೇಟೆಗಳ ನಿಯಮಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಂಟ್ರಿ ಮತ್ತು ಎಗ್ಸಿಟ್ ಮೊದಲು ಬಂದವು, ಗಾತ್ರದ ಲೆಕ್ಕ ತಡವಾಗಿ ಬಂತು. ನಾಲ್ಕನೆಯ ಕಲಮಂತೂ ಹೆಚ್ಚಿನವರ ಪ್ಲಾನಿನಲ್ಲಿ ಇವತ್ತಿಗೂ ‘ಪೇಟೆ ಸರಿಯಿಲ್ಲದಾಗ ದೂರವಿರಿ’ ಎಂಬ ಸಡಿಲ ಮಾತಿನಲ್ಲೇ ನಿಂತಿದೆ. ಮೊದಲ ಮೂರು ಕಲಮುಗಳ ಲೆಕ್ಕ ಎಲ್ಲಿ ಸುಳ್ಳಾಗುತ್ತದೋ ಅಲ್ಲಿ ಕಾಯುವುದು ಈ ನಾಲ್ಕನೆಯದು. ಹಾಗಾಗಿ ಉಳಿದವುಗಳಷ್ಟೇ ಬಿಗಿಯಾಗಿ, ಬೇರೊಬ್ಬರು ಓದಿ ತಾಳೆ ನೋಡುವಂತೆ ಅದನ್ನು ಬರೆಯಬೇಕು ಎಂಬುದು ಈ ಲೇಖನದ ವಾದ.

ಜೆಸ್ಸಿ ಲಿವರ್ಮೋರ್ ತನ್ನ ನಿಯಮಗಳನ್ನು ಪುಸ್ತಕವಾಗಿ ಪ್ರಕಟಿಸಿದ್ದು 1940ರಲ್ಲಿ. ಹೂಡಿದ ಹಣದಲ್ಲಿ ಶೇ 10ಕ್ಕಿಂತ ಹೆಚ್ಚು ನಷ್ಟವಾಗಲು ಬಿಡಬಾರದು ಎಂಬುದು ಅವುಗಳಲ್ಲೊಂದು. ಅದಕ್ಕೂ 6 ವರ್ಷ ಮೊದಲು, 1934ರಲ್ಲಿ, ಆತ ದಿವಾಳಿ ಘೋಷಿಸಿಕೊಂಡಿದ್ದ. ಶೇ 10 ಎಂಬ ಸಿದ್ಧ ಮಿತಿಯಲ್ಲೇ ಒಂದು ಕೊರತೆಯಿದೆ. ದಿನಕ್ಕೆ ಶೇ 1 ಅಲುಗಾಡುವ ಷೇರಿಗೂ ಶೇ 5 ಅಲುಗಾಡುವ ಷೇರಿಗೂ ಅದು ಒಂದೇ ಅಳತೆ ಹಿಡಿಯುತ್ತದೆ. ಮೊದಲನೆಯದರಲ್ಲಿ ಆ ಮಿತಿ ಮುಟ್ಟಿದರೆ ನಿಜವಾಗಿಯೂ ಏನೋ ಕೆಟ್ಟಿದೆ ಎಂದರ್ಥ, ಎರಡನೆಯದರಲ್ಲಿ ಅದು ಎರಡು ದಿನದ ಮಾಮೂಲಿ ಏರಿಳಿತ.

1949ರಲ್ಲಿ ಸರಕು ಪೇಟೆಯ ಸಾರ್ವಜನಿಕ ನಿಧಿಯೊಂದನ್ನು ಶುರುಮಾಡಿದ ರಿಚರ್ಡ್ ಡಾಂಚಿಯನ್ ಹೆಸರಿನಲ್ಲಿ ‘ನಾಲ್ಕು ವಾರದ ನಿಯಮ’ ಪ್ರಸಿದ್ಧವಾಗಿದೆ. ಬೆಲೆ ಹಿಂದಿನ ನಾಲ್ಕು ವಾರದ ಗರಿಷ್ಠ ಮಟ್ಟ ದಾಟಿದರೆ ಕೊಳ್ಳಬೇಕು, ನಾಲ್ಕು ವಾರದ ಕನಿಷ್ಠಕ್ಕಿಂತ ಕೆಳಗಿಳಿದರೆ ಇದ್ದದ್ದನ್ನು ಮಾರಿ ಅಷ್ಟನ್ನೇ ಶಾರ್ಟ್ ಮಾಡಬೇಕು. ಯಾರು ಓದಿದರೂ ಒಂದೇ ದಿನ ಒಂದೇ ಆರ್ಡರ್ ಹಾಕುವಷ್ಟು ಇದು ಸ್ಪಷ್ಟ. ಆದರೆ ಈ ನಿಯಮ ಪಾಲಿಸುವವನು ಒಂದು ದಿನವೂ ಪೇಟೆಯಿಂದ ಹೊರಗಿರುವುದಿಲ್ಲ. ಬೆಲೆ ದಿಕ್ಕಿಲ್ಲದೆ ಅತ್ತಿತ್ತ ಹೊಯ್ದಾಡುವ ತಿಂಗಳುಗಳಲ್ಲಿ ಮೇಲೆ ಕೊಂಡು ಕೆಳಗೆ ಮಾರುವುದೇ ಅವನ ಪಾಡಾಗುತ್ತದೆ.

ಈ ಕೊರತೆಗಳನ್ನು ತುಂಬುವ ಕೆಲಸ 1978ರ ನಂತರ ಆಯಿತು. ಆ ವರ್ಷ ವೆಲ್ಸ್ ವೈಲ್ಡರ್ ಒಂದು ಬೆಲೆ ದಿನಕ್ಕೆ ಸರಾಸರಿ ಎಷ್ಟು ಓಡಾಡುತ್ತದೆ ಎಂದು ಅಳೆಯುವ ಎಟಿಆರ್ ಅನ್ನು ತನ್ನ ಪುಸ್ತಕದಲ್ಲಿ ಕೊಟ್ಟ. ಅದೇ ಬಗೆಯ ಅಳತೆಯ ಮೇಲೆ ಷಿಕಾಗೊದ ರಿಚರ್ಡ್ ಡೆನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್ 1983ರ ಕೊನೆಯಲ್ಲಿ ಪತ್ರಿಕಾ ಜಾಹೀರಾತು ಕೊಟ್ಟು ಆರಿಸಿಕೊಂಡ ‘ಟರ್ಟಲ್’ ಶಿಷ್ಯರಿಗೆ ಪೂರ್ತಿ ಪ್ಲಾನ್ ಕಲಿಸಿದರು. ಇಪ್ಪತ್ತು ದಿನದ ಗರಿಷ್ಠ ದಾಟಿದರೆ ಎಂಟ್ರಿ, ಹತ್ತು ದಿನದ ಕನಿಷ್ಠ ಮುರಿದರೆ ಎಗ್ಸಿಟ್. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಗಮನಿಸಬೇಕಾದದ್ದು. ಹೊರಬೀಳುವ ಬಾಗಿಲು ಒಳಬರುವ ಬಾಗಿಲಿಗಿಂತ ಹತ್ತಿರವಾದದ್ದರಿಂದ ನಡುವೆ ಯಾವ ಪೊಸಿಷನ್ನೂ ಇಲ್ಲದ ದಿನಗಳು ತಾವಾಗಿ ಹುಟ್ಟಿಕೊಂಡವು. ಅದರ ಮೇಲೆ ಇನ್ನೊಂದು ಷರತ್ತೂ ಇತ್ತು: ಆ ಸರಕಿನ ಹಿಂದಿನ ಇಪ್ಪತ್ತು ದಿನದ ಸಂಕೇತ ಲಾಭದಲ್ಲಿ ಮುಗಿದಿದ್ದರೆ ಈ ಸಲದ್ದನ್ನು ಬಿಡಬೇಕು. ಬಿಟ್ಟ ಮೇಲೂ ಬೆಲೆ ಏರುತ್ತಲೇ ಹೋಗಿ 55 ದಿನದ ಗರಿಷ್ಠ ದಾಟಿದರೆ ಮಾತ್ರ ಒಳಗೆ ಬರಲೇಬೇಕು. ಹೊರಗುಳಿಯುವ ನಿಯಮದ ಪಕ್ಕದಲ್ಲೇ ಮರಳಿ ಬರುವ ನಿಯಮವನ್ನೂ ಬರೆದದ್ದು ನನ್ನ ದೃಷ್ಟಿಯಲ್ಲಿ ಆ ಪ್ಲಾನಿನ ಅತಿ ಜಾಣ ಭಾಗ. ಅದಿಲ್ಲದಿದ್ದರೆ ಹೊರಗುಳಿಯುವುದು ಹೆದರಿಕೆಗೆ ಸಿಕ್ಕ ನೆಪವಾಗಿಬಿಡುತ್ತದೆ.

ಇವನ್ನೆಲ್ಲ ನಮ್ಮ ಪೇಟೆಯ ಒಂದು ಕಾಲ್ಪನಿಕ ಷೇರಿಗೆ ಹೊಂದಿಸಿ ನೋಡೋಣ. ಬಂಡವಾಳ 5 ಲಕ್ಷ ರೂಪಾಯಿ, ಒಂದು ಟ್ರೇಡಿನಲ್ಲಿ ಕಳೆದುಕೊಳ್ಳಲು ಒಪ್ಪಿದ್ದು ಅದರ ಶೇ 1, ಅಂದರೆ 5,000. ಷೇರು ಇಪ್ಪತ್ತು ದಿನದ ಗರಿಷ್ಠ ದಾಟಿ 820ಕ್ಕೆ ಬಂದಿದೆ, ಎಟಿಆರ್ 20 ರೂಪಾಯಿ. ಟರ್ಟಲ್‌ಗಳಂತೆ ಎಟಿಆರ್‌ನ ಎರಡರಷ್ಟು ಕೆಳಗೆ ಸ್ಟಾಪ್‌ಲಾಸ್ ಇಟ್ಟರೆ ಅದು 780. ಷೇರಿಗೆ 40 ರೂಪಾಯಿ ಅಪಾಯವಾದ್ದರಿಂದ 125 ಷೇರು ಕೊಳ್ಳಬಹುದು. ಇದೇ ಷೇರಿನ ಎಟಿಆರ್ 40 ಆಗಿದ್ದರೆ 62 ಷೇರು ಮಾತ್ರ. ಇಲ್ಲಿಯವರೆಗೆ ಲೆಕ್ಕ ಚೊಕ್ಕವಾಗಿದೆ. ಆದರೆ ಸಂಜೆ ಕಂಪನಿಯ ತ್ರೈಮಾಸಿಕ ಫಲಿತಾಂಶ ಕೆಟ್ಟದಾಗಿ ಬಂದು ಮರುದಿನ ಬೆಳಿಗ್ಗೆ ಷೇರು ನೇರ 740ಕ್ಕೆ ತೆರೆದುಕೊಂಡರೆ 780ರ ಸ್ಟಾಪ್‌ಲಾಸ್ ಅಲ್ಲಿ ಸಿಗುವುದಿಲ್ಲ, ನಷ್ಟ 10,000 ಆಗುತ್ತದೆ. ಐದು ಬ್ಯಾಂಕ್ ಷೇರುಗಳಲ್ಲಿ ಹೀಗೆ ಶೇ 1ರಂತೆ ಇಟ್ಟವನು ಐದು ಟ್ರೇಡ್ ಮಾಡಿದ್ದೇನೆ ಎಂದುಕೊಂಡಿರುತ್ತಾನೆ. ಬ್ಯಾಂಕ್‌ಗಳೆಲ್ಲ ಒಟ್ಟಿಗೆ ಕುಸಿದ ದಿನ ಅದು ಶೇ 5 ಅಪಾಯದ ಒಂದೇ ಟ್ರೇಡ್. 2020ರ ಮಾರ್ಚ್ 23ರಂದು ಇಡೀ ಪೇಟೆ ಲೋವರ್ ಸರ್ಕ್ಯೂಟ್ ಮುಟ್ಟಿ ವಹಿವಾಟೇ 45 ನಿಮಿಷ ನಿಂತಿತ್ತು. ಗಾತ್ರದ ಸೂತ್ರಕ್ಕೆ ಇಂಥ ದಿನಗಳು ಕಾಣಿಸುವುದಿಲ್ಲ. ಆದ್ದರಿಂದ ನಾಲ್ಕನೆಯ ಕಲಮಿನಲ್ಲಿ ಬರೆಯಬೇಕಾದದ್ದು ಹೀಗೆ: ಫಲಿತಾಂಶಕ್ಕೆ ಎರಡು ದಿನ ಇರುವಾಗ ಹೊಸ ಎಂಟ್ರಿ ಇಲ್ಲ, ಇರುವ ಪೊಸಿಷನ್ ಅರ್ಧಕ್ಕೆ ಇಳಿಯಬೇಕು, ಒಂದೇ ವಲಯದಲ್ಲಿ ಎರಡಕ್ಕಿಂತ ಹೆಚ್ಚು ಬೇಡ, ಬಂಡವಾಳ ಶೇ 10 ಕರಗಿದರೆ ಅದು ಶೇ 20 ಕರಗಿದೆ ಎಂದೇ ಎಣಿಸಿ ಮುಂದಿನ ಗಾತ್ರ ಲೆಕ್ಕಹಾಕಬೇಕು. ಈ ಕೊನೆಯದು ಟರ್ಟಲ್‌ಗಳದ್ದೇ ನಿಯಮ.

ಅನುಭವಿಗಳಿಗೆ ಇಷ್ಟೆಲ್ಲ ಬರೆದಿಡುವ ಅಗತ್ಯವಿಲ್ಲ, ಪೇಟೆಯ ನಾಡಿ ಕೈಗೆ ಸಿಕ್ಕಿರುತ್ತದೆ ಎಂಬ ಆಕ್ಷೇಪವಿದೆ. ಪುರಾವೆ ಬೇರೆ ಹೇಳುತ್ತದೆ. ಟೆರೆನ್ಸ್ ಓಡಿಯನ್ 1998ರಲ್ಲಿ ಅಮೆರಿಕದ 10,000 ಖಾತೆಗಳನ್ನು ಪರಿಶೀಲಿಸಿದಾಗ ಜನ ಲಾಭದ ಷೇರನ್ನು ಬೇಗ ಮಾರಿ ನಷ್ಟದ್ದನ್ನು ಹಿಡಿದುಕೊಳ್ಳುತ್ತಾರೆ ಎಂಬುದು ಕಂಡಿತು. ಬ್ರಾಡ್ ಬಾರ್ಬರ್ ಜೊತೆ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಹೆಚ್ಚು ವಹಿವಾಟು ಮಾಡಿದ ಕುಟುಂಬಗಳಿಗೆ ವರ್ಷಕ್ಕೆ ಶೇ 11.4 ಗಳಿಕೆಯಾದರೆ ಪೇಟೆ ಶೇ 17.9 ಕೊಟ್ಟಿತ್ತು. ನಮ್ಮಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93ರಷ್ಟು ಮಂದಿ ನಷ್ಟದಲ್ಲಿದ್ದರು ಎಂದು ಸೆಬಿ ಹೇಳಿದೆ. ಹಣ ಪಣಕ್ಕಿಟ್ಟು ಪರದೆ ನೋಡುತ್ತಿರುವಾಗ ಮನಸ್ಸು ಯಾವ ಕಡೆ ವಾಲುತ್ತದೆ ಎಂಬುದನ್ನು ಓಡಿಯನ್‌ನ ಖಾತೆಗಳು ತೋರಿಸುತ್ತವೆ.

ಪೇಟೆ ಬದಲಾಗುತ್ತಿರುತ್ತದೆ, ಬರೆದ ನಿಯಮ ಕೈಕಟ್ಟಿಹಾಕುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಪ್ಲಾನನ್ನು ತಿದ್ದಲೇಬೇಕು, ಆದರೆ ಶನಿವಾರ ಭಾನುವಾರ, ತಿದ್ದುವ ಷೇರಿನಲ್ಲಿ ಪೊಸಿಷನ್ ಇಲ್ಲದಿರುವಾಗ. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಪ್ಲಾನ್ ಇದ್ದಮಾತ್ರಕ್ಕೆ ಲಾಭ ಬರುವುದಿಲ್ಲ. ಖಂಡಿತ ಇಲ್ಲ. ಎಂಟ್ರಿಯಲ್ಲೇ ಸತ್ವವಿಲ್ಲದಿದ್ದರೆ ಪ್ಲಾನ್ ಪಾಲಿಸಿಯೂ ನಿಧಾನವಾಗಿ ಕಳೆದುಕೊಳ್ಳುತ್ತೇವೆ. ಟರ್ಟಲ್‌ಗಳಲ್ಲೂ ಒಂದೇ ನಿಯಮ ಕಲಿತವರ ಫಲಿತಾಂಶ ಒಂದೇ ಆಗಿರಲಿಲ್ಲ ಎಂದು ಅವರಲ್ಲೊಬ್ಬನಾದ ಕರ್ಟಿಸ್ ಫೇತ್ 2007ರಲ್ಲಿ ಬರೆದಿದ್ದಾನೆ. ಆದರೆ ಕೆಟ್ಟದ್ದು ನಿಯಮವೋ ನಿಯಮ ಮುರಿದ ಕೈಯೋ ಎಂದು ಬೇರ್ಪಡಿಸಲು ಬರೆದ ಪ್ಲಾನಿನ ಹೊರತು ಬೇರೆ ದಾರಿಯಿಲ್ಲ. ಅದಕ್ಕೆ ಟ್ರೇಡಿಂಗ್ ಡೈರಿಯಲ್ಲಿ ಮಾಡಿದ ಟ್ರೇಡುಗಳ ಜೊತೆಗೆ ನಾಲ್ಕನೆಯ ಕಲಮಿನ ಪ್ರಕಾರ ಬಿಟ್ಟವುಗಳೂ ಬೇಕು: ತಾರೀಖು, ಕೊಳ್ಳಬೇಕಿದ್ದ ಬೆಲೆ, ಬಿಟ್ಟ ಕಾರಣ, ಪ್ಲಾನಿನಂತೆ ಅದು ಕೊನೆಗೆ ಮುಗಿಯುತ್ತಿದ್ದ ಬೆಲೆ. ಹಿಂದಿನ ಸಂಕೇತ ಗೆದ್ದಿತೋ ಸೋತಿತೋ ಎಂದು ತಿಳಿಯಲು ಟರ್ಟಲ್‌ಗಳೂ ತಾವು ಮಾಡದ ಟ್ರೇಡಿನ ಲೆಕ್ಕ ಇಡಲೇಬೇಕಿತ್ತು. ಹೀಗೆ ಬಿಟ್ಟ ನಲವತ್ತು ಐವತ್ತು ಟ್ರೇಡುಗಳನ್ನು ಒಟ್ಟು ಹಾಕಿದಾಗ ಮೊತ್ತ ನಷ್ಟದಲ್ಲಿದ್ದರೆ ಆ ಷರತ್ತು ಹಣ ಉಳಿಸಿದೆ. ಮೊತ್ತ ದೊಡ್ಡ ಲಾಭದಲ್ಲಿದ್ದರೆ ಅದನ್ನು ಸಡಿಲಿಸಬೇಕು ಅಥವಾ ಮರಳಿ ಬರುವ ಬೆಲೆಯನ್ನು ಹತ್ತಿರಕ್ಕೆ ತರಬೇಕು.